ಮಗುವಿಗೆ ರಾತ್ರಿಯ ನವೆ, ಮನೆಮಂದಿಗೆಲ್ಲ ಮದ್ದು

ಲ್ಯಾಬಿನ ವರದಿಯಲ್ಲಿ ‘ಮಲದಲ್ಲಿ ಹುಳುವಿನ ಮೊಟ್ಟೆ ಕಂಡುಬಂದಿಲ್ಲ’ ಎಂದಿರುತ್ತದೆ. ಅದೇ ರಾತ್ರಿ ಹತ್ತೂವರೆಗೆ ಮಗು ಹಾಸಿಗೆಯಲ್ಲಿ ಎದ್ದು ಕೂತು, ಚಡ್ಡಿಯೊಳಗೆ ಕೈ ಹಾಕಿ ಕೆರೆದುಕೊಳ್ಳುತ್ತ ಅಳುತ್ತದೆ. ವರದಿ ಸುಳ್ಳಲ್ಲ, ಮಗುವಿನ ಅಳುವೂ ಸುಳ್ಳಲ್ಲ. ಪಿನ್‌ವರ್ಮ್ ಎಂಬ ಹುಳು ಮಲದಲ್ಲಿ ಮೊಟ್ಟೆ ಇಡುವುದೇ ಅಪರೂಪ. ಅದು ಮೊಟ್ಟೆ ಇಡುವುದು ಮಲದ್ವಾರದ ಸುತ್ತಲಿನ ಚರ್ಮದ ಮೇಲೆ, ಅದೂ ಮಗು ನಿದ್ದೆಗೆ ಜಾರಿದ ಮೇಲೆ. ಹಾಗಾಗಿ ಡಬ್ಬಿಯಲ್ಲಿ ಮಲ ತುಂಬಿಸಿ ಲ್ಯಾಬಿಗೆ ಕೊಟ್ಟರೆ ಹೆಚ್ಚಿನ ಸಲ ಏನೂ ಸಿಗುವುದಿಲ್ಲ.

ಹೆಣ್ಣುಮಗುವಾದರೆ ಗೊಂದಲ ಇನ್ನೂ ಹೆಚ್ಚು. ಹಿಂದೆ ಶುರುವಾದ ನವೆ ಮುಂದೆಯೂ ಕಾಣಿಸಿಕೊಳ್ಳುತ್ತದೆ. ಮೂತ್ರದ ಜಾಗ ಕೆಂಪಗಾಗುತ್ತದೆ, ಉಚ್ಚೆ ಹೊಯ್ಯುವಾಗ ಉರಿ ಎನ್ನುತ್ತದೆ, ಚಡ್ಡಿಯ ಮೇಲೆ ತಿಳಿಹಳದಿ ಕಲೆ ಬೀಳುತ್ತದೆ. ಆಗ ಮನೆಯವರಿಗೂ ಕೆಲವೊಮ್ಮೆ ವೈದ್ಯರಿಗೂ ಹುಳುವಿನ ನೆನಪೇ ಬರುವುದಿಲ್ಲ. ಚಿಕಿತ್ಸೆ ಮೂತ್ರದ ಸೋಂಕಿನ ದಾರಿ ಹಿಡಿಯುತ್ತದೆ, ಇಲ್ಲವೇ ಫಂಗಸ್ ಮುಲಾಮಿನ ದಾರಿ.

ಮಕ್ಕಳ ವೈದ್ಯರ ಕ್ಲಿನಿಕ್ಕುಗಳಿಗೆ ಇಂಥ ಮಕ್ಕಳು ಬರುತ್ತಲೇ ಇರುತ್ತಾರೆ. ಹಲವು ಮನೆಗಳಲ್ಲಿ ನಡೆಯುವುದನ್ನು ಒಂದೇ ಮನೆಗೆ ಕೂಡಿಸಿ ಹೇಳಿದರೆ ಕತೆ ಹೀಗಿರುತ್ತದೆ. ಹುಡುಗಿಗೆ ಐದು ವರ್ಷ, ತಮ್ಮನಿಗೆ ಎರಡೂವರೆ. ಮನೆಯಲ್ಲಿ ಅಪ್ಪ, ಅಮ್ಮ, ಅಜ್ಜಿ, ಜೊತೆಗೆ ಬಾಣಂತನಕ್ಕೆಂದು ತವರಿಗೆ ಬಂದಿರುವ ಏಳು ತಿಂಗಳ ಗರ್ಭಿಣಿ ಅತ್ತೆ. ಮಕ್ಕಳಿಬ್ಬರೂ ಅಮ್ಮ, ಅಜ್ಜಿಯ ನಡುವೆ ನೆಲದ ಹಾಸಿಗೆಯಲ್ಲಿ ಒಂದೇ ಕೌದಿ ಹೊದ್ದು ಮಲಗುತ್ತಾರೆ.

ಮೊದಲ ವಾರ ಅಜ್ಜಿ ಹೇಳಿದ್ದು, “ಉಷ್ಣ ಆಗೇದವ್ವಾ, ಎಳನೀರು ಕೊಡು.” ಎಳನೀರು ಆಯಿತು, ಜೀರಿಗೆ ನೀರೂ ಆಯಿತು. ಎರಡನೆಯ ವಾರ ಮೂತ್ರ ಪರೀಕ್ಷೆ ಮಾಡಿಸಿದರು. ಒಂದಿಷ್ಟು ಬಿಳಿ ರಕ್ತಕಣ ಕಂಡವೆಂದು ಐದು ದಿನದ ಆಂಟಿಬಯಾಟಿಕ್ ಸಿರಪ್ ಕೊಟ್ಟರು. ಕೆಂಪಗಾಗಿದ್ದ ಜನನಾಂಗದ ಅಂಚಿನಿಂದಲೂ ಈ ಕಣಗಳು ಮೂತ್ರಕ್ಕೆ ಸೇರಬಹುದು. ಮೂತ್ರದ ಕಲ್ಚರ್‌ನಲ್ಲಿ ಏನೂ ಬೆಳೆಯದಿದ್ದರೆ ಅದನ್ನು ಮೂತ್ರದ ಸೋಂಕು ಎಂದು ಖಚಿತವಾಗಿ ಹೇಳಲಾಗದು. ಮೂರನೆಯ ವಾರ ಔಷಧದ ಅಂಗಡಿಯಿಂದ ಫಂಗಸ್ ಮುಲಾಮು ಬಂತು. ಡೈಪರ್ ಬಿಟ್ಟ, ಇನ್ನೂ ಮೈನೆರೆಯದ ಹುಡುಗಿಯರಲ್ಲಿ ಆ ಜಾಗದ ಫಂಗಸ್ ಸೋಂಕು ವಿರಳ, ಆದರೂ ಮೊದಲು ಹಚ್ಚುವುದು ಅದೇ ಮುಲಾಮು. ಹಗಲು ಮಗು ಆಡಿಕೊಂಡಿತ್ತು. ರಾತ್ರಿಯ ಅಳು ಮಾತ್ರ ನಿಲ್ಲಲಿಲ್ಲ.

ಕೊನೆಗೆ ಒಬ್ಬ ವೈದ್ಯೆ ಮಗುವನ್ನು ಪರೀಕ್ಷಿಸುವ ಮೊದಲೇ ಕೇಳಿದ್ದು, “ಎಷ್ಟು ಗಂಟೆಗೆ ಎದ್ದು ಅಳ್ತಾಳೆ?”

“ಮಲಗಿ ಎರಡು ತಾಸಿಗೆ ಮೇಡಂ. ದಿನಾ ಅದೇ ಹೊತ್ತಿಗೆ.”

“ಮನೇಲಿ ಬೇರೆ ಯಾರಾದ್ರೂ ಕೆರ್ಕೊಳ್ತಾರಾ?”

ಅಮ್ಮ ಸ್ವಲ್ಪ ತಡೆದು, ಚಿಕ್ಕವನೂ ನಿದ್ದೆಯಲ್ಲಿ ಕೈ ಹಾಕಿಕೊಳ್ಳುತ್ತಾನೆ ಎಂದರು. ವೈದ್ಯೆ ಯಾವ ಪರೀಕ್ಷೆಯನ್ನೂ ಬರೆಯಲಿಲ್ಲ. “ಇವತ್ತು ರಾತ್ರಿ ಟಾರ್ಚ್ ಹಿಡ್ಕೊಂಡು ನೋಡಿ, ನಾಳೆ ಬನ್ನಿ” ಎಂದು ಕಳಿಸಿದರು.

ನವೆಯ ಹೊತ್ತನ್ನು ಕೇಳಿದ್ದಕ್ಕೆ ಕಾರಣವಿದೆ. ಈ ಹುಳುವಿನ ಪೂರ್ತಿ ಹೆಸರು ಎಂಟರೋಬಿಯಸ್ ವರ್ಮಿಕುಲಾರಿಸ್. ದೊಡ್ಡ ಕರುಳಿನ ಆರಂಭದ ಭಾಗದಲ್ಲಿ ಅದರ ವಾಸ. ಹೆಣ್ಣುಹುಳು 8ರಿಂದ 13 ಮಿಲಿಮೀಟರ್ ಉದ್ದ, ಬಿಳಿ ದಾರದ ತುಂಡಿನ ಹಾಗೆ. ಗಂಡು ಅದರ ಅರ್ಧವೂ ಇಲ್ಲದ್ದರಿಂದ ಕಣ್ಣಿಗೆ ಬೀಳುವುದು ಕಡಿಮೆ. ಮೊಟ್ಟೆ ತುಂಬಿಕೊಂಡ ಹೆಣ್ಣು ರಾತ್ರಿ ಕರುಳಿನುದ್ದಕ್ಕೂ ಇಳಿದು ಮಲದ್ವಾರದಿಂದ ಹೊರಗೆ ಬರುತ್ತದೆ, ಅಲ್ಲಿನ ಚರ್ಮದ ಮಡಿಕೆಗಳಲ್ಲಿ ಹತ್ತು ಸಾವಿರದಷ್ಟು ಮೊಟ್ಟೆಗಳನ್ನು ಅಂಟಿಸಿ ಸಾಯುತ್ತದೆ. ಹುಳುವಿನ ಓಡಾಟ, ಮೊಟ್ಟೆಯ ಅಂಟು ಎರಡೂ ಸೇರಿ ನವೆ ಎಬ್ಬಿಸುತ್ತವೆ. ಮಗು ಕೆರೆದುಕೊಂಡಾಗ ಮೊಟ್ಟೆಗಳು ಉಗುರಿನ ಸಂದಿಗೆ ಸೇರುತ್ತವೆ. ಮೈಯ ಬಿಸಿಗೆ ಅವು ನಾಲ್ಕರಿಂದ ಆರು ಗಂಟೆಯೊಳಗೆ ಬಲಿತು, ಯಾರ ಹೊಟ್ಟೆಗೆ ಹೋದರೂ ಮರಿಯಾಗುವ ಸ್ಥಿತಿಗೆ ಬರುತ್ತವೆ. ರಾತ್ರಿ ಹನ್ನೊಂದಕ್ಕೆ ಇಟ್ಟ ಮೊಟ್ಟೆ ಬೆಳಗಿನ ಜಾವ ಮಗು ಬೆರಳು ಚೀಪುವ ಹೊತ್ತಿಗೆ ತಯಾರಾಗಿರುತ್ತದೆ.

ಹೊರಗೆ ಬಂದ ಹುಳುಗಳೆಲ್ಲ ಅಲ್ಲೇ ಮೊಟ್ಟೆ ಇಟ್ಟು ಸಾಯುವುದಿಲ್ಲ. ಹೆಣ್ಣುಮಗುವಿನಲ್ಲಿ ಮಲದ್ವಾರಕ್ಕೂ ಯೋನಿದ್ವಾರಕ್ಕೂ ಇರುವ ಅಂತರ ಬಹಳ ಕಡಿಮೆ, ಹೀಗಾಗಿ ಕೆಲವು ಹುಳುಗಳು ದಾರಿ ತಪ್ಪಿ ಮುಂದೆ ಹರಿಯುತ್ತವೆ. ಮೈನೆರೆಯುವ ಮೊದಲು ಈಸ್ಟ್ರೋಜನ್ ಕಡಿಮೆ ಇರುವುದರಿಂದ ಆ ಜಾಗದ ಚರ್ಮ ತೆಳು, ಅದನ್ನು ಕಾಯುವ ಹೊರಗಿನ ಮಡಿಕೆಗಳೂ ಚಿಕ್ಕವು. ಹುಳು ಕರುಳಿನ ಬ್ಯಾಕ್ಟೀರಿಯಾಗಳನ್ನೂ ಜೊತೆಗೆ ತರುತ್ತದೆ. ಇದರ ಮೇಲೆ ಮಗು ಕೆರೆದುಕೊಳ್ಳುತ್ತದೆ, ಅಮ್ಮ ಸ್ವಚ್ಛವಾಗಲಿ ಎಂದು ಸೋಪು ಹಾಕಿ ಉಜ್ಜುತ್ತಾರೆ. ಕೆಂಪು, ಉರಿ, ಕಲೆ ಎಲ್ಲವೂ ಹೀಗೆ ಬರುತ್ತವೆ. ಒಳ್ಳೆಯ ನಿದ್ದೆ ಬಾರದ ಇಂಥ ಹುಡುಗಿಯರಲ್ಲಿ ಕೆಲವರು, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ರೂಢಿಗೆ ಮತ್ತೆ ಮರಳುವುದೂ ಉಂಟು.

ಟಾರ್ಚ್ ಪರೀಕ್ಷೆಗೆ ಖರ್ಚಿಲ್ಲ, ಹೊತ್ತು ಮಾತ್ರ ಮುಖ್ಯ. ಮಗು ಮಲಗಿ ಎರಡು ಮೂರು ತಾಸಿನ ನಂತರ, ಅಥವಾ ಎದ್ದು ಅತ್ತ ಆ ಕ್ಷಣದಲ್ಲೇ, ಮಗ್ಗುಲಾಗಿಸಿ ಕುಂಡಿಯನ್ನು ಮೆಲ್ಲಗೆ ಅಗಲಿಸಿ ಬೆಳಕು ಬಿಟ್ಟು ನೋಡಬೇಕು. ಹುಡುಗಿಯಾದರೆ ಮುಂಭಾಗವನ್ನೂ ಒಮ್ಮೆ ನೋಡಬೇಕು. ಬಟ್ಟೆಯ ನೂಲಿಗೂ ಹುಳುವಿಗೂ ವ್ಯತ್ಯಾಸ ಸುಲಭ: ಹುಳು ಅಲುಗಾಡುತ್ತದೆ. ಕಂಡರೆ ಸೆಲ್ಲೋಟೇಪಿನ ತುಂಡಿಗೆ ಅಂಟಿಸಿಕೊಂಡು ವೈದ್ಯರಿಗೆ ತೋರಿಸಿದರೆ ಸಾಕು. ಮೊಬೈಲಿನಲ್ಲಿ ಮಗುವಿನ ಆ ಜಾಗದ ಫೋಟೊ ತೆಗೆದು ವಾಟ್ಸಾಪಿನಲ್ಲಿ ಕಳಿಸುವವರಿದ್ದಾರೆ, ಅದು ಖಂಡಿತ ಬೇಡ. ಈ ಮನೆಯಲ್ಲಿ ಅಮ್ಮನಿಗೆ ಅಂದು ರಾತ್ರಿ ಮೂರು ಹುಳು ಕಂಡವು, ಎರಡು ಹಿಂದೆ, ಒಂದು ಮುಂದೆ.

ಹುಳು ಕಣ್ಣಿಗೆ ಬೀಳದಿದ್ದರೆ ಸೆಲ್ಲೋಟೇಪ್ ಪರೀಕ್ಷೆ ಇದೆ. ಬೆಳಿಗ್ಗೆ ಮಗು ಎದ್ದ ಕೂಡಲೇ, ಕಕ್ಕಸಿಗೆ ಹೋಗುವ ಮೊದಲು, ತೊಳೆಯುವ ಮೊದಲು, ಪಾರದರ್ಶಕ ಟೇಪಿನ ಅಂಟು ಬದಿಯನ್ನು ಮಲದ್ವಾರದ ಸುತ್ತ ಒತ್ತಿ ತೆಗೆದು ಗಾಜಿನ ಸ್ಲೈಡಿಗೆ ಅಂಟಿಸಬೇಕು. ಲ್ಯಾಬಿನವರು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಂದು ಬದಿ ಚಪ್ಪಟೆಯಾದ ಮೊಟ್ಟೆಗಳು ಸಿಗುತ್ತವೆ. ಒಂದೇ ದಿನ ಮಾಡಿದರೆ ಸೋಂಕಿದ್ದವರಲ್ಲಿ ಸುಮಾರು ಅರ್ಧದಷ್ಟು ಮಂದಿಯಲ್ಲಿ ಮಾತ್ರ ಸಿಗುತ್ತದೆ, ಸತತ ಮೂರು ಬೆಳಿಗ್ಗೆ ಮಾಡಿದರೆ ಶೇ 90ರಷ್ಟರಲ್ಲಿ ಸಿಗುತ್ತದೆ. ತೊಳೆದ ಮೇಲೆ ಮಾಡಿದರೆ ಮಾಡಿದ್ದೇ ದಂಡ. ನೀರು ಹಾಕಿ ತೊಳೆದುಕೊಳ್ಳುವ ನಮ್ಮ ಮನೆಗಳಲ್ಲಿ ಈ ಪರೀಕ್ಷೆ ತಪ್ಪುವುದು ಹೆಚ್ಚಾಗಿ ಇಲ್ಲೇ.

ಮರುದಿನ ಹುಳು ನೋಡಿದ ವೈದ್ಯೆ ಮದ್ದು ಬರೆದರು. ಹುಡುಗಿಗೊಬ್ಬಳಿಗೇ ಅಲ್ಲ, ಮನೆಯವರಿಗೆಲ್ಲ. ಅಪ್ಪ ಕೇಳಿದ ಪ್ರಶ್ನೆ ಎಲ್ಲ ಅಪ್ಪಂದಿರೂ ಕೇಳುವಂಥದ್ದೇ: “ನನಗೇನೂ ನವೆ ಇಲ್ಲವಲ್ಲ ಮೇಡಂ, ನಾನ್ಯಾಕೆ ನುಂಗ್ಬೇಕು?” ಹುಳು ಇದ್ದೂ ನವೆ ಇಲ್ಲದ ದೊಡ್ಡವರು ಬೇಕಾದಷ್ಟಿದ್ದಾರೆ. ಅವರ ಕೈ, ಅವರ ಹಾಸಿಗೆಯಿಂದ ಮೊಟ್ಟೆ ಮತ್ತೆ ಮಗುವಿಗೆ ಬರುತ್ತದೆ. ಒಬ್ಬೊಬ್ಬರನ್ನೇ ಪರೀಕ್ಷಿಸಿ ಕೊಡುವುದಕ್ಕಿಂತ, ಒಂದೇ ಸೂರಿನಡಿ ಮಲಗುವವರೆಲ್ಲ ಒಂದೇ ದಿನ ನುಂಗುವುದು ಸುಲಭ, ಅಗ್ಗ.

ಔಷಧ ಹೊಸದೇನಲ್ಲ, ಶಾಲೆ ಅಂಗನವಾಡಿಗಳಲ್ಲಿ ಕೊಡುವ ಅಲ್ಬೆಂಡಜೋಲ್. ಎರಡು ವರ್ಷ ದಾಟಿದ ಎಲ್ಲರಿಗೂ 400 ಮಿಲಿಗ್ರಾಂ ಒಂದು ಸಲ. ಒಂದರಿಂದ ಎರಡು ವರ್ಷದವರಿಗೆ ಅದರ ಅರ್ಧ, ಇನ್ನೂ ಚಿಕ್ಕ ಕೂಸಾದರೆ ವೈದ್ಯರೇ ತೀರ್ಮಾನಿಸಬೇಕು. ಹುಡುಗಿ ಮಾತ್ರೆ ಅಗಿದು ತಿಂದಳು. ತಮ್ಮನಿಗೆ ಸಿರಪ್: 10 ಮಿಲಿ ಸಿರಪ್ಪಿನಲ್ಲಿ 400 ಮಿಲಿಗ್ರಾಂ ಇರುವ ಬಾಟಲಿ ಪೂರ್ತಿ. ಚಿಕ್ಕಮಕ್ಕಳಿಗೆ ಇಡೀ ಮಾತ್ರೆ ಬಾಯಿಗೆ ಹಾಕಬಾರದು, ಗಂಟಲಲ್ಲಿ ಸಿಕ್ಕಿಕೊಳ್ಳುವ ಭಯವಿದೆ. ಪುಡಿ ಮಾಡಿ ನೀರಿನಲ್ಲಿ ಕದಡಿ ಕೊಡಬೇಕು. ಮೆಬೆಂಡಜೋಲ್, ಪೈರಾಂಟೆಲ್ ಎಂಬ ಮದ್ದುಗಳೂ ಕೆಲಸ ಮಾಡುತ್ತವೆ. ಅಂಗಡಿಯಲ್ಲಿ ಅಲ್ಬೆಂಡಜೋಲ್ ಜೊತೆ ಐವರ್ಮೆಕ್ಟಿನ್ ಬೆರೆಸಿದ್ದನ್ನು ಕೊಟ್ಟರೆ ಬೇಡ ಎನ್ನಬಹುದು. ಈ ಹುಳುವಿಗೆ ಆ ಎರಡನೆಯದರ ಅಗತ್ಯವಿಲ್ಲ, 15 ಕೆಜಿಗಿಂತ ಕಡಿಮೆ ತೂಕದ ಮಕ್ಕಳಿಗೆ ಅದನ್ನು ಸಾಮಾನ್ಯವಾಗಿ ಕೊಡುವುದೂ ಇಲ್ಲ. ಫಿಟ್ಸ್ ಬಂದವರು, ಬೇರೆ ಕಾಯಿಲೆಗೆ ಮದ್ದು ತೆಗೆದುಕೊಳ್ಳುತ್ತಿರುವವರು ನುಂಗುವ ಮೊದಲೇ ವೈದ್ಯರಿಗೆ ಹೇಳಬೇಕು.

ಗರ್ಭಿಣಿ ಅತ್ತೆಗೆ ಮಾತ್ರ ವೈದ್ಯೆ ಮಾತ್ರೆ ಬರೆಯಲಿಲ್ಲ. ನವೆ ಇಲ್ಲದ್ದರಿಂದ ಸ್ವಚ್ಛತೆಯ ಕ್ರಮವನ್ನೇ ಆರು ವಾರ ಪಾಲಿಸಿ, ಬೇಕೆನಿಸಿದರೆ ಹೆರಿಗೆ ಡಾಕ್ಟರನ್ನು ಕೇಳಿ ಎಂದರು. ಆರು ವಾರ ಎಂದದ್ದು ಸುಮ್ಮನೆ ಅಲ್ಲ. ಕರುಳಿನಲ್ಲಿರುವ ಹುಳುಗಳು ಅಷ್ಟು ದಿನದಲ್ಲಿ ಮುದಿಯಾಗಿ ಸಾಯುತ್ತವೆ. ಅಷ್ಟರಲ್ಲಿ ಹೊಸ ಮೊಟ್ಟೆ ಬಾಯಿಗೆ ಹೋಗದಂತೆ ನೋಡಿಕೊಂಡರೆ ಮದ್ದಿಲ್ಲದೆಯೂ ಸರಪಳಿ ಕಡಿಯುತ್ತದೆ. ಹೇಳುವಷ್ಟು ಸುಲಭದ ಕೆಲಸ ಅಲ್ಲ.

ಎರಡನೆಯ ಡೋಸನ್ನು ಮರೆಯುವವರೇ ಹೆಚ್ಚು. ಮದ್ದು ಕರುಳಿನಲ್ಲಿರುವ ಹುಳುಗಳನ್ನು ಕೊಲ್ಲುತ್ತದೆ, ಮೊಟ್ಟೆಗಳ ಮೇಲೆ ಅದರ ಆಟ ನಡೆಯುವುದು ಅಷ್ಟಕ್ಕಷ್ಟೆ. ಭಾನುವಾರ ಮಾತ್ರೆ ನುಂಗಿ, ಸೋಮವಾರ ಬೆಳಿಗ್ಗೆ ದಿಂಬಿನ ಮೇಲಿದ್ದ ಮೊಟ್ಟೆ ಬೆರಳಿನ ಮೂಲಕ ಹೊಟ್ಟೆ ಸೇರಿತು ಎನ್ನಿ. ಅದು ಒಡೆದು, ಬೆಳೆದು, ಮೊಟ್ಟೆ ಇಡುವ ಹೆಣ್ಣಾಗಲು ಸುಮಾರು ಒಂದು ತಿಂಗಳು ಬೇಕು. ಎರಡು ವಾರಕ್ಕೆ ಸರಿಯಾಗಿ ಎಲ್ಲರೂ ಮತ್ತೊಂದು ಮಾತ್ರೆ ನುಂಗಿದರೆ, ಆ ಹೊಸ ಹುಳು ಇನ್ನೂ ಮೊಟ್ಟೆ ಇಡುವ ಮೊದಲೇ ಸಾಯುತ್ತದೆ. ಇದನ್ನು ಬಿಟ್ಟರೆ ತಿಂಗಳ ಹೊತ್ತಿಗೆ ಮಗು ಮತ್ತೆ ರಾತ್ರಿ ಎದ್ದು ಕೂರುತ್ತದೆ, ಮನೆಯವರು ‘ಮಾತ್ರೆ ಹಿಡಿಸಲಿಲ್ಲ’ ಎನ್ನುತ್ತಾರೆ.

ಶಾಲೆಯಲ್ಲಿ ಜಂತುಹುಳುವಿನ ಮಾತ್ರೆ ಕೊಟ್ಟಿದ್ದಾರಲ್ಲ, ಮತ್ತೇಕೆ ಎನ್ನುವ ಪ್ರಶ್ನೆಗೂ ಇಲ್ಲೇ ಉತ್ತರ ಇದೆ. 2015ರಿಂದ ನಡೆಯುತ್ತಿರುವ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಲ್ಲಿ 1ರಿಂದ 19 ವರ್ಷದವರಿಗೆ ಅಲ್ಬೆಂಡಜೋಲ್ ಕೊಡುತ್ತಾರೆ. ಅದರ ಗುರಿ ಮಣ್ಣಿನ ಮೂಲಕ ಹರಡುವ ದುಂಡುಹುಳು, ಕೊಕ್ಕೆಹುಳು, ಚಾಟಿಹುಳುಗಳು. ಆ ಹುಳುಗಳ ಮೊಟ್ಟೆ ಬಲಿಯಲು ಮಣ್ಣು ಬೇಕು, ದಿನಗಳು ಬೇಕು. ಪಿನ್‌ವರ್ಮಿಗೆ ಮಣ್ಣಿನ ಹಂಗಿಲ್ಲ. ಒಂದು ಕೌದಿ, ನಾಲ್ಕು ಉಗುರು ಸಾಕು. ಶಾಲೆಯಲ್ಲಿ ಮಗು ನುಂಗುವ ಒಂದು ಮಾತ್ರೆ ಅಂದಿನ ಹುಳುಗಳನ್ನು ಕೊಂದೀತು, ಆದರೆ ಎರಡು ವಾರದ ನಂತರದ ಎರಡನೆಯ ಮಾತ್ರೆ ಅಲ್ಲಿಲ್ಲ, ಅಪ್ಪ, ಅಮ್ಮ, ಅಜ್ಜಿಯ ಪಾಲೂ ಇಲ್ಲ. ಈ ಹುಳು ಬಂದದ್ದಕ್ಕೆ ಮನೆಯವರು ನಾಚಿಕೊಳ್ಳುವುದೂ ಬೇಕಿಲ್ಲ. ನಗರದ ಅಪಾರ್ಟ್‌ಮೆಂಟಿನ ಮಕ್ಕಳಿಗೂ ಬರುತ್ತದೆ, ಅಮೆರಿಕದಲ್ಲೂ ಇದೇ ಅತಿ ಸಾಮಾನ್ಯ ಹುಳು. ಬೆಲ್ಲ, ಚಾಕೊಲೇಟು ತಿಂದರೆ ಬರುವುದಲ್ಲ, ಮನೆಯ ನಾಯಿ ಬೆಕ್ಕಿನಿಂದಲೂ ಅಲ್ಲ. ಇದರ ಮೊಟ್ಟೆ ಹರಡುವುದು ಮನುಷ್ಯರಿಂದ ಮನುಷ್ಯರಿಗೆ ಮಾತ್ರ.

ಮೊದಲ ಭಾನುವಾರದಿಂದ ಎರಡನೆಯ ಡೋಸಿನ ಭಾನುವಾರದವರೆಗಿನ ಹದಿನಾಲ್ಕು ದಿನ ಮನೆಯಲ್ಲಿ ನಡೆಯಬೇಕಾದದ್ದು ಹೆಚ್ಚಾಗಿ ಬೆಳಗಿನ ಮೊದಲ ಅರ್ಧ ಗಂಟೆಯ ಕೆಲಸ. ರಾತ್ರಿ ಇಟ್ಟ ಮೊಟ್ಟೆಗಳು ಮಗುವಿನ ಮೈಮೇಲೇ ಇರುತ್ತವಾದ್ದರಿಂದ ಎದ್ದ ಕೂಡಲೇ ಸೊಂಟದ ಕೆಳಗೆ ನೀರು ಹುಯ್ದು ತೊಳೆಯಬೇಕು. ಸಂಜೆಯ ಸ್ನಾನಕ್ಕೆ ಈ ಫಲವಿಲ್ಲ. ಟಬ್ಬಿನಲ್ಲಿ ಕೂರಿಸಬಾರದು, ಚೊಂಬಿನಿಂದ ಹುಯ್ಯಬೇಕು. ಚಡ್ಡಿ ಅಲ್ಲೇ ಬದಲಿಸಿ ನೇರ ಬಕೆಟ್ಟಿನ ಬಿಸಿನೀರಿಗೆ ಹಾಕಬೇಕು. ಆಮೇಲೆ ಅಮ್ಮನ ಕೈಯೂ ಮಗುವಿನ ಕೈಯೂ ಸೋಪಿಗೆ ಹೋಗಬೇಕು.

ಹಾಸಿಗೆಯ ವಿಷಯದಲ್ಲಿ ನಮ್ಮ ಒಂದು ಹಳೆಯ ಅಭ್ಯಾಸವೇ ಅಡ್ಡ ಬರುತ್ತದೆ. ಬೆಳಿಗ್ಗೆ ಎದ್ದು ಹೊದಿಕೆಯನ್ನು ಎರಡು ತುದಿ ಹಿಡಿದು ‘ಪಟಪಟ’ ಕೊಡವುತ್ತೇವಲ್ಲ, ಈ ಹಗುರ ಮೊಟ್ಟೆಗಳು ಗಾಳಿಗೆ ಹಾರಿ ಕೋಣೆಯೆಲ್ಲ ಹರಡಲು ಅದಕ್ಕಿಂತ ಒಳ್ಳೆಯ ದಾರಿ ಇಲ್ಲ. ಕೊಡವದೆ ಒಳಮುಖವಾಗಿ ಸುತ್ತಿ ಒಗೆಯಲು ಒಯ್ಯಬೇಕು. ಮಾತ್ರೆ ನುಂಗಿದ ಮರುದಿನ ಹೊದಿಕೆ, ದಿಂಬಿನ ಚೀಲ, ರಾತ್ರಿ ಬಟ್ಟೆ ಎಲ್ಲವನ್ನೂ ಬಿಸಿನೀರಿನಲ್ಲಿ ಒಗೆದರೆ ಸಾಕು. ಒಗೆಯಲಾಗದ ಕೌದಿಯನ್ನು ಇಡೀ ದಿನ ನೇರ ಬಿಸಿಲಿಗೆ ಹರಡಬಹುದು. ತಂಪಾದ ತೇವದ ಕೋಣೆಯಲ್ಲಿ ಎರಡು ಮೂರು ವಾರ ಬದುಕುವ ಮೊಟ್ಟೆ ಬಿಸಿಲು, ಒಣಗಾಳಿ ತಾಳುವುದಿಲ್ಲ. ನೆಲ ಗುಡಿಸುವುದಕ್ಕಿಂತ ಒದ್ದೆ ಬಟ್ಟೆಯಿಂದ ಒರೆಸುವುದು ಮೇಲು. ಎಲ್ಲರ ಉಗುರೂ ಮೋಟಾಗಿರಬೇಕು. ಇಷ್ಟಕ್ಕೆ ಮೀರಿ ಗೋಡೆಗೆಲ್ಲ ಫಿನಾಯಿಲ್ ಬಳಿಯುವ ಸಾಹಸ ಬೇಕಿಲ್ಲ.

ಹುಡುಗಿಯ ಮುಂಭಾಗದ ಕೆಂಪಿಗೆ ಬೇರೆ ಮದ್ದು ಬೇಕಾಗಲಿಲ್ಲ. ಹುಳು ಸತ್ತರೆ ಆ ಕೆರಳಿಕೆಯೂ ಒಂದೆರಡು ವಾರದಲ್ಲಿ ಇಳಿಯುತ್ತದೆ. ಅಷ್ಟು ದಿನ ಬರೀ ನೀರು, ಮುಂದಿನಿಂದ ಹಿಂದಕ್ಕೆ ತೊಳೆಯುವುದು, ಬಟ್ಟೆಯಿಂದ ಉಜ್ಜದೆ ಒತ್ತಿ ಒಣಗಿಸುವುದು, ಉರಿ ಇದ್ದರೆ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ. ಸೋಪು, ಕಡಲೆಹಿಟ್ಟು, ಬಕೆಟ್ಟಿಗೆ ಹಾಕುವ ಆಂಟಿಸೆಪ್ಟಿಕ್ ದ್ರಾವಣ ಯಾವುದೂ ಆ ಜಾಗಕ್ಕೆ ಬೇಡ. ಇಲ್ಲಿ ಒಂದು ಇಕ್ಕಟ್ಟಿದೆ. ಕೆರಳಿದ ಚರ್ಮಕ್ಕೆ ಸಡಿಲ ಬಟ್ಟೆ ಹಿತ, ಆದರೆ ಚಡ್ಡಿ ಇಲ್ಲದೆ ಮಲಗಿದರೆ ಬೆರಳು ನೇರ ಮೊಟ್ಟೆಗೇ ಹೋಗುತ್ತದೆ. ರಾತ್ರಿ ಮಾತ್ರ ಮೈಗೆ ಸರಿಹೊಂದುವ ಹತ್ತಿಯ ಚಡ್ಡಿ, ಹಗಲು ಸಡಿಲ ಫ್ರಾಕು ಎಂದು ವೈದ್ಯೆ ಅದನ್ನು ಬಗೆಹರಿಸಿದರು.

ರಾತ್ರಿಯ ನವೆಯೆಲ್ಲ ಪಿನ್‌ವರ್ಮ್ ಅಲ್ಲ ಎಂಬುದನ್ನೂ ಹೇಳಬೇಕು. ಕಜ್ಜಿಯೂ ರಾತ್ರಿಯೇ ಹೆಚ್ಚು ತುರಿಸುತ್ತದೆ, ಅದಕ್ಕೂ ಮನೆಮಂದಿಗೆಲ್ಲ ಮದ್ದು, ಆದರೆ ಅದರ ಗುಳ್ಳೆಗಳು ಬೆರಳ ಸಂದಿ, ಮಣಿಕಟ್ಟು, ಹೊಕ್ಕುಳ ಸುತ್ತ ಕಾಣುತ್ತವೆ. ಮಲದ್ವಾರದ ಸುತ್ತ ಗೆರೆ ಎಳೆದಂತೆ ಕಡುಕೆಂಪು ಉಂಗುರ, ಕಕ್ಕಸಿಗೆ ಹೋಗುವಾಗ ನೋವು ಇದ್ದರೆ ಅದು ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾದ ಸೋಂಕಿರಬಹುದು, ಅದಕ್ಕೆ ಆಂಟಿಬಯಾಟಿಕ್ ಬೇಕು. ಜನನಾಂಗದ ಸುತ್ತ ಚರ್ಮ ಬೆಳ್ಳಗೆ, ತೆಳುಕಾಗದದಂತೆ ಸುಕ್ಕಾಗಿದ್ದರೆ ಚರ್ಮರೋಗ ತಜ್ಞರು ನೋಡಬೇಕು. ದುರ್ವಾಸನೆಯ ಅಥವಾ ರಕ್ತ ಬೆರೆತ ಸ್ರಾವ ಬಂದರೆ ಒಳಗೆ ಏನಾದರೂ ವಸ್ತು ಸೇರಿಕೊಂಡಿರುವ ಸಾಧ್ಯತೆ ಇದೆ. ಉರಿಮೂತ್ರದ ಜೊತೆ ಜ್ವರ ಬಂದರೆ ಕಾಯಬಾರದು. ಗಾಯದ ಗುರುತು, ಯಾರನ್ನೋ ಕಂಡರೆ ಮಗುವಿಗೆ ಹೊಸದಾಗಿ ಬಂದ ಭಯ, ಮುಟ್ಟಿದರು ಎಂಬ ಮಾತು, ಇವುಗಳಲ್ಲಿ ಯಾವುದಿದ್ದರೂ ಹುಳು ಕಂಡಿತೆಂದು ಅಲ್ಲಿಗೆ ಬಿಡಬಾರದು. ಮಗುವನ್ನು ಗದರದೆ, ಮಾತು ಬಾಯಿಗೆ ತುರುಕದೆ ಕೇಳಿಸಿಕೊಂಡು ವೈದ್ಯರಿಗೆ ತಿಳಿಸಬೇಕು. ಮಕ್ಕಳ ಸಹಾಯವಾಣಿ 1098 ಹಗಲು ರಾತ್ರಿ ಇರುತ್ತದೆ.

ಈ ಮನೆಯ ಹುಡುಗಿ ಮೊದಲ ಮಾತ್ರೆಯ ನಾಲ್ಕನೆಯ ರಾತ್ರಿ ಎಚ್ಚರವಾಗದೆ ಮಲಗಿದಳು, ಎರಡು ವಾರಕ್ಕೆ ಎಲ್ಲರೂ ಎರಡನೆಯ ಡೋಸ್ ನುಂಗಿದರು. ಎರಡು ತಿಂಗಳ ನಂತರ ಮತ್ತೆ ನವೆ ಶುರುವಾಯಿತು. ವೈದ್ಯೆ ಮದ್ದು ಬದಲಿಸಲಿಲ್ಲ. ಇಷ್ಟು ದಿನದ ಮೇಲೆ ಬಂದರೆ ಹಳೆಯ ಹುಳು ಉಳಿದದ್ದಕ್ಕಿಂತ ಹೊಸ ಮೊಟ್ಟೆ ಹೊಟ್ಟೆಗೆ ಹೋದದ್ದೇ ಹೆಚ್ಚು. ಹಗಲು ಮಗು ಎಲ್ಲೆಲ್ಲಿ ಇರುತ್ತದೆ ಎಂದು ವಿಚಾರಿಸಿದಾಗ, ಶಾಲೆ ಬಿಟ್ಟ ಮೇಲೆ ಸಂಜೆವರೆಗೆ ಪಕ್ಕದ ಬೀದಿಯ ಚಿಕ್ಕಮ್ಮನ ಮನೆಯಲ್ಲಿ, ಅವರ ಮಗನ ಜೊತೆ ಒಂದೇ ಚಾಪೆಯ ಮೇಲೆ ಮಧ್ಯಾಹ್ನದ ನಿದ್ದೆ ಎಂಬುದು ಗೊತ್ತಾಯಿತು. ಆ ಹುಡುಗನಿಗೂ ನವೆ ಇತ್ತು. ಯಾರೂ ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ. ಈ ಸಲ ಎರಡೂ ಮನೆಯವರು ಒಂದೇ ಭಾನುವಾರ ಮಾತ್ರೆ ನುಂಗಿದರು, ಎರಡು ವಾರ ಬಿಟ್ಟು ಮತ್ತೊಮ್ಮೆ. ಶಾಲೆಗೆ ಒಂದು ದಿನವೂ ರಜೆ ಹಾಕಿಸಲಿಲ್ಲ, ಅದರ ಅಗತ್ಯವೂ ಇರಲಿಲ್ಲ.